‘ಒಬ್ಬರಿಗೆ ಮಾತ್ರ ಕಳಿಸಿದ್ದು, ಮೇಡಂ’

ಬೇರೆಯವರ ಖಾಸಗಿ ಮೆಸೇಜಿನ ಸ್ಕ್ರೀನ್‌ಶಾಟ್ ತೆಗೆದು ಕಳಿಸಿ, ಆಮೇಲೆ ಸಂಬಂಧ ಕೆಟ್ಟಿತೆಂದು ನನ್ನ ಬಳಿ ಸಲಹೆಗೆ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಹೆಚ್ಚಿನವರಲ್ಲಿ ಕೆಟ್ಟ ಉದ್ದೇಶ ಇರುವುದಿಲ್ಲ. ಅದಕ್ಕೇ ಈ ಒಂದು ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಬ್ಬರ ಒಪ್ಪಿಗೆಯೂ ಇದೆ.

ಬಂದವರು ಬದಿಯಡ್ಕ ಕಡೆಯ ಗೃಹಿಣಿ. ಕುಟುಂಬಶ್ರೀ ಮಹಿಳಾ ಸಂಘದ ಘಟಕದಲ್ಲಿ ಜೊತೆಗಿದ್ದ ಗೆಳತಿಯೊಬ್ಬರು ರಾತ್ರಿ ವಾಟ್ಸಾಪಿನಲ್ಲಿ ಗಂಡನ ಜೊತೆಗಿನ ಜಗಳ ಹೇಳಿಕೊಂಡಿದ್ದರು. ಏನು ಉತ್ತರ ಕೊಡುವುದೆಂದು ತೋಚದೆ ಇವರು ಆ ಮಾತುಕತೆಯ ಸ್ಕ್ರೀನ್‌ಶಾಟನ್ನು ತಮ್ಮ ಅಕ್ಕನಿಗೆ ಕಳಿಸಿದರು. ಅಕ್ಕ ಅದನ್ನು ನಾದಿನಿಗೆ ಕಳಿಸಿದರು. ನಾದಿನಿ ಕುಟುಂಬದ ಗ್ರೂಪಿಗೆ ಹಾಕಿದರು. ಗೆಳತಿ ಮಾತು ಬಿಟ್ಟರು.

“ನಾನು ಒಬ್ಬರಿಗೆ ಮಾತ್ರ ಕಳಿಸಿದ್ದು, ಮೇಡಂ. ಹೆಸರನ್ನೂ ಗೀಚಿ ಅಳಿಸಿದ್ದೆ. ಇಷ್ಟಕ್ಕೇ ಹೀಗೆ ಮಾಡುವುದಾ?” ಎಂದರು.

ಆ ಚಿತ್ರವನ್ನು ತೆರೆಯಲು ಹೇಳಿದೆ. “ಜಗಳದ ವಿಷಯ ಬಿಡಿ. ಬೇರೆ ಏನೇನು ಕಾಣುತ್ತದೋ ಓದಿ” ಎಂದೆ.

ಹೆಸರಿನ ಮೇಲೆ ಹೈಲೈಟರಿನಿಂದ ಗೀಚಿದ್ದರು. ಆ ಬಣ್ಣ ಪೂರ್ತಿ ಮುಚ್ಚುವುದಿಲ್ಲ. ಫೋಟೊದ ಬೆಳಕು ಹೆಚ್ಚಿಸಿದರೆ ಕೆಳಗಿನ ಅಕ್ಷರ ಓದಬಹುದು, ಓದಿದೆವು ಕೂಡ. ಪಕ್ಕದ ಪುಟ್ಟ ಡಿಪಿಯಲ್ಲಿ ಗೆಳತಿ ಮತ್ತು ಮಗಳು ಇದ್ದರು. ಅದರ ಮೇಲೆ ಗೀಚಿರಲೇ ಇಲ್ಲ. ಕೆಳಗೆ ಬರುತ್ತಾ ಇವರ ಬೆರಳು ಒಂದು ಕಡೆ ನಿಂತಿತು. ಗೆಳತಿ ತಮ್ಮದೇ ಹಳೆಯ ಮೆಸೇಜೊಂದನ್ನು ಎಳೆದು ಅದಕ್ಕೆ ಮುಂದುವರಿಸಿ ಬರೆದಿದ್ದರು. ಹಾಗೆ ಮಾಡಿದಾಗ ಹಳೆಯ ಮೆಸೇಜಿನ ಮೊದಲ ಸಾಲುಗಳು ಮೇಲಿನ ಸಣ್ಣ ಡಬ್ಬಿಯಲ್ಲಿ ಮತ್ತೆ ಕಾಣುತ್ತವೆ ಅಲ್ವಾ? ಅಲ್ಲಿ ಇದ್ದದ್ದು ಇಷ್ಟು: “ಮಗಳನ್ನು ಮಂಗಳೂರಿನಲ್ಲಿ ಮಾನಸಿಕ ಡಾಕ್ಟರಿಗೆ ತೋರಿಸ್ತಾ ಇದ್ದೇವೆ, ಯಾರಿಗೂ ಹೇಳಿಲ್ಲ.”

ಮಗಳಿಗೆ ಆಗ ಸಂಬಂಧ ನೋಡುತ್ತಿದ್ದರು.

“ಇದನ್ನು ನಾನು ನೋಡಲೇ ಇಲ್ಲ” ಎಂದರು. ನಿಜವೇ ಇರಬೇಕು. ಕಳಿಸುವವರು ತಮಗೆ ಬೇಕಾದ ಎರಡು ಸಾಲು ಮಾತ್ರ ನೋಡುತ್ತಾರೆ, ಪಡೆದವರು ಇಡೀ ಪರದೆ ನೋಡುತ್ತಾರೆ. ಅಮ್ಮ ತನ್ನ ಜಗಳವನ್ನು ಬೇಕಾದರೆ ಹೇಳಿಕೊಳ್ಳಲಿ, ಆದರೆ ಆ ಹುಡುಗಿ ಇವರಿಗೆ ಏನನ್ನೂ ಹೇಳಿರಲಿಲ್ಲ.

ಇವರು ಗ್ರೂಪಿನಲ್ಲೇ ಎಲ್ಲರ ಮುಂದೆ ಕ್ಷಮೆ ಕೇಳಲು ಹೊರಟಿದ್ದರು. ಬೇಡ ಎಂದೆ. ಹಾಗೆ ಮಾಡಿದರೆ ಚಿತ್ರವನ್ನು ಗಮನಿಸದವರೂ ಮೇಲೆ ಹೋಗಿ ಹುಡುಕುತ್ತಾರೆ. ಮೊದಲು ಅಕ್ಕನಿಗೂ ನಾದಿನಿಗೂ ಫೋನ್ ಮಾಡಿ ಅಳಿಸಲು ಹೇಳಿ ಎಂದೆ. ‘ಎಲ್ಲರಿಗೂ ಅಳಿಸು’ ಎಂಬುದಕ್ಕೆ ಸುಮಾರು ಎರಡು ದಿನದ ಗಡುವಿದೆ, ಗ್ರೂಪಿನ ಅಡ್ಮಿನ್ ಕೂಡ ಬೇರೆಯವರ ಮೆಸೇಜ್ ಅಳಿಸಬಹುದು. ಆದರೂ ಯಾರದೋ ಗ್ಯಾಲರಿಯಲ್ಲಿ ಉಳಿದದ್ದು ಉಳಿಯಬಹುದು. ಅದಕ್ಕೇ ಗೆಳತಿಗೆ “ಎಲ್ಲಾ ಅಳಿಸಿದೆ” ಎಂದು ಭರವಸೆ ಕೊಡಬೇಡಿ ಎಂದೂ ಹೇಳಿದೆ.

ಗೆಳತಿಗೆ ಮೂರು ವಿಷಯ ನೇರವಾಗಿ ಹೇಳಲು ತಿಳಿಸಿದೆ: ಯಾರಿಗೆ ಕಳಿಸಿದೆ, ಅದರಲ್ಲಿ ಏನೇನು ಕಾಣುತ್ತಿತ್ತು, ಅದು ಎಲ್ಲಿವರೆಗೆ ಹೋಗಿದೆ. ಮಗಳ ಸಾಲನ್ನು ಮುಚ್ಚಿಡಬಾರದು. “ಒಳ್ಳೆಯದಕ್ಕೇ ಮಾಡಿದ್ದು” ಎಂಬ ಮಾತು ಬೇಡವೇ ಬೇಡ. ಇದು ಕಠಿಣವಾಯಿತೆಂದು ನನ್ನ ಸಹೋದ್ಯೋಗಿಯೊಬ್ಬರಿಗೆ ಅನಿಸಿತು. ನನಗೆ ಹಾಗನಿಸುವುದಿಲ್ಲ. ಯಾರಿಗೆಲ್ಲಾ ಗೊತ್ತಾಗಿದೆ ಎಂದು ತಿಳಿದರೆ ಮಾತ್ರ ಆ ತಾಯಿ ಮಗಳಿಗೆ ಮೊದಲೇ ಹೇಳಬಹುದು, ಸಂಬಂಧ ನೋಡುವವರು ಕೇಳಿದರೆ ಉತ್ತರಕ್ಕೆ ತಯಾರಾಗಬಹುದು.

ಹಾಗಾದರೆ ಯಾರ ಹತ್ತಿರವೂ ಸಲಹೆ ಕೇಳಬಾರದಾ ಎಂದು ಇವರು ಕೇಳಿದರು. ಕೇಳಬಹುದು. “ಗೆಳತಿಯೊಬ್ಬಳಿಗೆ ಗಂಡನ ಜೊತೆ ಹೀಗಾಗಿದೆ, ಏನು ಹೇಳಲಿ?” ಎಂದು ಹೆಸರಿಲ್ಲದೆ ನಮ್ಮ ಮಾತಿನಲ್ಲಿ ಹೇಳಿದರೆ ಅಕ್ಕನಿಗೆ ಅಷ್ಟೇ ಸಾಕಿತ್ತು. ಮೆಸೇಜನ್ನೇ ತೋರಿಸಬೇಕಾದರೆ ಗೆಳತಿಯನ್ನು ಮೊದಲು ಕೇಳಬೇಕು. ಮಾಮೂಲಿ ಚಾಟಿನ ಸ್ಕ್ರೀನ್‌ಶಾಟ್ ತೆಗೆದರೆ ವಾಟ್ಸಾಪ್ ಎದುರಿನವರಿಗೆ ತಿಳಿಸುವುದಿಲ್ಲ. ನಾವೇ ಹೇಳದಿದ್ದರೆ ಅವರಿಗೆ ಗೊತ್ತಾಗುವುದು ಊರಿಗೆಲ್ಲಾ ಗೊತ್ತಾದ ಮೇಲೆ.

ಬೆದರಿಕೆ, ಕಿರುಕುಳ ಬಂದಾಗಿನ ಮಾತು ಬೇರೆ. ಆಗ ಸ್ಕ್ರೀನ್‌ಶಾಟ್ ತೆಗೆದಿಡಿ, ಗೀಚಬೇಡಿ, ಕತ್ತರಿಸಬೇಡಿ. ಮೂಲ ಚಾಟನ್ನು ಫೋನಿನಲ್ಲಿ ಹಾಗೇ ಬಿಡಿ, ಏಕೆಂದರೆ ಸ್ಕ್ರೀನ್‌ಶಾಟನ್ನು ಸುಳ್ಳಾಗಿ ತಯಾರಿಸುವುದು ಸುಲಭ. ಪೊಲೀಸರಿಗೋ ವಕೀಲರಿಗೋ ತೋರಿಸಿ. ಯಾರಾದರೂ ಸಾಯುವ ಮಾತು ಬರೆದರೆ ಗುಟ್ಟು ನೋಡುತ್ತಾ ಕೂರಬೇಡಿ, ಕೂಡಲೇ ಅವರ ಮನೆಯವರಿಗೆ ಹೇಳಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೂ ಕರೆ ಮಾಡಬಹುದು. ಆಗಲೂ ಆ ಮೆಸೇಜ್ ಗ್ರೂಪಿಗೆ ಹೋಗಬೇಕಾದ್ದಲ್ಲ.