ಪ್ರಾಡಕ್ಟ್ ಮ್ಯಾನೇಜರ್ ರೆಸ್ಯೂಮೆಯಲ್ಲಿ ಅನುಭವವನ್ನು ಬರೆಯುವ ಬಗೆ

ಪ್ರಶ್ನೆ: ನನ್ನ ರೆಸ್ಯೂಮೆಯ ಅನುಭವದ ಭಾಗದಲ್ಲಿ ಬರೀ ಫೀಚರ್‌ಗಳ ಪಟ್ಟಿಯೇ ಇದೆ. ಅದನ್ನು ಹೇಗೆ ತಿದ್ದಲಿ?

ಒಂದು ಸಾಲನ್ನೇ ತೆಗೆದುಕೊಳ್ಳೋಣ: ‘ಖಾತೆ ತೆರೆಯದೆ ಖರೀದಿಸುವ ಸೌಲಭ್ಯವನ್ನು ಬಿಡುಗಡೆ ಮಾಡಿದೆ.’ ಏನು ತಯಾರಾಯಿತು ಎಂಬುದು ಇದರಿಂದ ತಿಳಿಯುತ್ತದೆ; ಅದನ್ನೇ ಏಕೆ ಆರಿಸಿದಿರಿ, ಅದಕ್ಕಾಗಿ ಏನನ್ನು ಬಿಟ್ಟುಕೊಟ್ಟಿರಿ ಎಂಬುದು ತಿಳಿಯುವುದಿಲ್ಲ. ಸಂದರ್ಶಕರು ಕೆದಕಿ ಕೇಳುವುದು ಅದನ್ನೇ.

ನಿಮ್ಮ ದಾಖಲೆಗಳಲ್ಲಿ ಇಂಥ ಅಂಕಿಗಳಿವೆ ಎಂದಿಟ್ಟುಕೊಂಡರೆ, ಆ ಸಾಲನ್ನು ಹೀಗೆ ಬರೆಯಬಹುದು: ‘ಪಾವತಿಯ ಪುಟಕ್ಕೆ ಬಂದವರಲ್ಲಿ ಶೇ 38ರಷ್ಟು ಮಂದಿ ಖರೀದಿ ಮುಗಿಸದೆ ಹೋಗುತ್ತಿದ್ದರು, ಹೆಚ್ಚಿನವರು ಖಾತೆ ತೆರೆಯುವ ಹಂತದಲ್ಲೇ. ಮರುಖರೀದಿಯ ಮಾಹಿತಿ ಕಡಿಮೆಯಾಗುವುದೆಂದು ತಿಳಿದೂ ಆ ಹಂತವನ್ನು ಐಚ್ಛಿಕಗೊಳಿಸಿದೆ. ಇದಕ್ಕಾಗಿ ಕೂಪನ್ ಕೆಲಸವನ್ನು ಮುಂದೂಡಿದೆ. 6 ವಾರಗಳ ಎ/ಬಿ ಪರೀಕ್ಷೆಯಲ್ಲಿ ಹೊಸ ವಿಧಾನ ಕಂಡವರಲ್ಲಿ ಈ ಪ್ರಮಾಣ ಶೇ 24ಕ್ಕೆ ಇಳಿಯಿತು, ಹಳೆಯದರಲ್ಲಿ ಬದಲಾಗಲಿಲ್ಲ.’

ಬಿಟ್ಟುಕೊಟ್ಟದ್ದನ್ನು ಬರೆಯಲು ಹಲವರು ಹಿಂಜರಿಯುತ್ತಾರೆ, ಆದರೆ ನನ್ನ ಅಭಿಪ್ರಾಯದಲ್ಲಿ ನಿರ್ಧಾರ ನಿಮ್ಮದೇ ಎಂದು ನಂಬಿಸುವ ಭಾಗ ಅದೇ.

ಎಲ್ಲರೂ ಎಡವುವುದು ಫಲಿತಾಂಶದಲ್ಲಿ. ಎ/ಬಿ ಪರೀಕ್ಷೆಯಿಲ್ಲದೆ, ರಿಯಾಯಿತಿ ಮಾರಾಟದ ವಾರದಲ್ಲೇ ಬಿಡುಗಡೆ ಮಾಡಿದ್ದರೆ, ಏರಿಕೆಯಲ್ಲಿ ರಿಯಾಯಿತಿಯ ಪಾಲೆಷ್ಟು ಎಂದು ಹೇಳಲಾಗದು. ಆಗ ‘ನನ್ನಿಂದ ಹೆಚ್ಚಿತು’ ಎನ್ನದೆ, ಯಾವ ಅವಧಿಯನ್ನು ಯಾವುದರೊಂದಿಗೆ ಹೋಲಿಸಿದಿರಿ ಎಂಬುದನ್ನಷ್ಟೇ ಬರೆಯಿರಿ. ಅಂಕಿಗಳು ಗೋಪ್ಯವಾಗಿದ್ದರೆ ‘ಸುಮಾರು ಮೂರನೇ ಒಂದು ಭಾಗ ಇಳಿಯಿತು’ ಎಂಬಂತೆ ಪ್ರಮಾಣವನ್ನು ಮಾತ್ರ ಕೊಡಬಹುದು.