‘ರಂಗ’ ಸರಿಯಾಗಿ ನಿಂತರೆ ಫಾಂಟ್‌ನ ಅರ್ಧ ಕೆಲಸ ಮುಗಿದಂತೆ

ಪ್ರಶ್ನೆ: ಮಂಡ್ಯದಲ್ಲಿ ಅಂಗಡಿ ಬೋರ್ಡ್ ಬರೆಯುವ ಕೆಲಸ ನನ್ನದು. ಒಂದೇ ದಪ್ಪದ ಗೆರೆ, ತುದಿ ನೇರವಾಗಿ ಕತ್ತರಿಸಿದ ಹಾಗೆ ಇರುವ ನನ್ನ ಅಕ್ಷರಗಳನ್ನು ಫಾಂಟ್ ಮಾಡಬೇಕೆಂಬ ಆಸೆ. ಹಾಳೆಯಲ್ಲಿ ಬರೆದು, ಸ್ಕ್ಯಾನ್ ಮಾಡಿ, ಆಟೋ ಟ್ರೇಸ್ ಕೊಟ್ಟು ಫಾಂಟ್ ಮಾಡುವ ತಂತ್ರಾಂಶವಾದ ಫಾಂಟ್‌ಫೋರ್ಜ್‌ಗೆ ತಂದೆ. ‘ರಂಗ’ ಎಂದು ಟೈಪ್ ಮಾಡಿದರೆ ‘ರ’ ಮತ್ತು ಸೊನ್ನೆ ಗೆರೆಯಿಂದ ಮೇಲೆ ತೇಲಿದ ಹಾಗೆ ಕಾಣುತ್ತವೆ, ‘ಗ’ ಮಾತ್ರ ದೊಡ್ಡದು. ದೊಡ್ಡದು ಮಾಡಿದರೆ ಗೆರೆ ಒಂದು ಕಡೆ ಉಬ್ಬು, ಒಂದು ಕಡೆ ಸಣಕಲು. ಅಳತೆ ಎಲ್ಲವೂ ಸರಿ ಇದೆ. ತಪ್ಪು ಎಲ್ಲಿ?

ಉತ್ತರ: ಅಳತೆ ಎಲ್ಲವೂ ಸರಿ ಇರುವುದೇ ತೊಂದರೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಟ್ರೇಸ್ ಮಾಡಿದ ಆಕಾರಗಳನ್ನು ತೆಗೆದುಹಾಕಿ. ರಿಪೇರಿ ಮಾಡುವುದಕ್ಕಿಂತ ಹೊಸದಾಗಿ ಎಳೆಯುವುದು ಬೇಗ ಆಗುತ್ತದೆ. ನಿಮ್ಮ ಕೈಬರಹದ ಸ್ಕ್ಯಾನ್ ವ್ಯರ್ಥವಾಗುವುದಿಲ್ಲ, ಅದನ್ನು `File > Import` ಮೂಲಕ ಹಿಂದಿನ ಪದರಕ್ಕೆ ಹಾಕಿಕೊಂಡು ಅದರ ಮೇಲೆ ಎಳೆಯಿರಿ.

ಆಟೋ ಟ್ರೇಸ್‌ಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಕಾಣುವುದು ಕಪ್ಪು ಬಿಳುಪಿನ ಅಂಚು ಮಾತ್ರ. ಕಾಗದದ ನಾರಿನಲ್ಲಿ ಇಂಕು ಸ್ವಲ್ಪ ಹರಡಿದ್ದರೆ ಅಲ್ಲೂ ಒಂದು ಪಾಯಿಂಟ್ ಇಡುತ್ತದೆ. ಹೊರ ಅಂಚಿನ ಪಾಯಿಂಟ್ ಒಂದು ಕಡೆ, ಒಳ ಅಂಚಿನ ಪಾಯಿಂಟ್ ಇನ್ನೊಂದು ಕಡೆ ಬೀಳುತ್ತದೆ. ಎರಡೂ ತಮ್ಮ ಪಾಡಿಗೆ ಬಾಗುವುದರಿಂದ ನಡುವಿನ ಗೆರೆ ಉಬ್ಬಿ ಸೊರಗುತ್ತದೆ. ನಿಮ್ಮ ಎರಡನೇ ತೊಂದರೆಯ ಮೂಲ ಇದು.

ಸೊನ್ನೆಯಿಂದ, ಅಂದರೆ ಅನುಸ್ವಾರದಿಂದ ಶುರು ಮಾಡಿ. ಕನ್ನಡದಲ್ಲಿ ಅದಕ್ಕಿಂತ ಸರಳವಾದ ಆಕಾರವಿಲ್ಲ, ಅದರಲ್ಲಿ ಕಲಿತದ್ದು ‘ರ’, ‘ಠ’, ‘ದ’, ‘ಧ’, ‘ಥ’ ಎಲ್ಲಕ್ಕೂ ಬರುತ್ತದೆ. ಹೊರ ವೃತ್ತಕ್ಕೆ ನಾಲ್ಕೇ ಪಾಯಿಂಟ್ ಸಾಕು: ತೀರಾ ಎಡಕ್ಕೆ, ತೀರಾ ಮೇಲೆ, ತೀರಾ ಬಲಕ್ಕೆ, ತೀರಾ ಕೆಳಗೆ. ಬಾಗು ತಿರುಗುವ ಈ ತುತ್ತತುದಿಗಳಿಗೆ ಎಕ್ಸ್‌ಟ್ರೀಮಾ ಎನ್ನುತ್ತಾರೆ. ಪಾಯಿಂಟಿನಿಂದ ಹೊರಟು ಗೆರೆಯ ಬಾಗನ್ನು ನಿರ್ಧರಿಸುವ ಕಡ್ಡಿಗಳೇ ಹ್ಯಾಂಡಲ್. ಮೇಲಿನ ಮತ್ತು ಕೆಳಗಿನ ಪಾಯಿಂಟ್‌ನ ಹ್ಯಾಂಡಲ್‌ಗಳು ಪಕ್ಕಾ ಅಡ್ಡಕ್ಕೆ, ಎಡ ಮತ್ತು ಬಲದವು ಪಕ್ಕಾ ನೆಟ್ಟಗೆ ಇರಬೇಕು. ಶಿಫ್ಟ್ ಒತ್ತಿ ಎಳೆದರೆ ಹ್ಯಾಂಡಲ್ ವಾಲುವುದಿಲ್ಲ. ಎಲ್ಲಾದರೂ ತುದಿ ತಪ್ಪಿದ್ದರೆ `Element > Add Extrema` ಅಲ್ಲಿ ಪಾಯಿಂಟ್ ಸೇರಿಸುತ್ತದೆ. ಆದರೆ ಬೇಡದ ಪಾಯಿಂಟ್‌ಗಳನ್ನು ಅದು ತೆಗೆಯುವುದಿಲ್ಲ, ಆ ಕೆಲಸ ನಿಮ್ಮದೇ.

ತುದಿಯಲ್ಲೇ ಪಾಯಿಂಟ್ ಯಾಕೆ ಎಂದರೆ, ಗೆರೆಯ ದಪ್ಪವನ್ನು ನಾವು ಹಿಡಿದು ನೋಡುವುದು ಅಲ್ಲೇ. ಎಡತುದಿಯಲ್ಲಿ ಹೊರಗೊಂದು, ಒಳಗೊಂದು ಪಾಯಿಂಟ್ ಒಂದೇ ಎತ್ತರದಲ್ಲಿ ಎದುರುಬದುರು ಇದ್ದರೆ ಅವೆರಡರ ನಡುವಿನ ಅಂತರವೇ ಗೆರೆಯ ದಪ್ಪ. ನಾಳೆ ದಪ್ಪ ಹೆಚ್ಚಿಸಬೇಕೆಂದರೆ ಒಳಗಿನ ಪಾಯಿಂಟನ್ನು ಹ್ಯಾಂಡಲ್‌ಗಳ ಸಮೇತ ಪಕ್ಕಕ್ಕೆ ಸರಿಸಿದರಾಯಿತು. ಚಿಕ್ಕ ಗಾತ್ರದಲ್ಲಿ ಗೆರೆಗಳನ್ನು ಪಿಕ್ಸೆಲ್‌ಗೆ ಕೂರಿಸುವ ಹಿಂಟಿಂಗ್ ಕೂಡ ಈ ತುದಿಯ ಪಾಯಿಂಟ್‌ಗಳನ್ನೇ ನೆಚ್ಚಿಕೊಂಡಿದೆ.

ಈಗ ಅಂಕಿಯಲ್ಲಿ ನೋಡೋಣ. ಫಾಂಟ್‌ನ ಚೌಕ 1000 ಯೂನಿಟ್, ಅಕ್ಷರಗಳು ನಿಲ್ಲುವ ಗೆರೆ ಅಂದರೆ ಬೇಸ್‌ಲೈನ್ 0 ಎಂದಿಟ್ಟುಕೊಳ್ಳಿ. ಸೊನ್ನೆಯ ಎತ್ತರ ಲೆಕ್ಕಕ್ಕೆ 440. ಆದರೆ ಅದನ್ನು 0ಯಿಂದ 440ರವರೆಗೆ ಎಳೆಯಬೇಡಿ. −10ರಿಂದ 450ರವರೆಗೆ ಎಳೆಯಿರಿ. ಆಗ ಹೊರ ವೃತ್ತದ ವ್ಯಾಸ 460, ತ್ರಿಜ್ಯ 230. ಹ್ಯಾಂಡಲ್ ಎಳೆದು ಬಾಗಿಸುವ ಈ ಬೆಝಿಯೆ ಗೆರೆಯಲ್ಲಿ ವೃತ್ತ ಬರಲು ಹ್ಯಾಂಡಲ್‌ನ ಉದ್ದ ತ್ರಿಜ್ಯದ 0.5523 ಪಾಲು ಇರಬೇಕು, ಅಂದರೆ ಇಲ್ಲಿ 127. ನಿಮ್ಮ ಕೈಯ ಸೊನ್ನೆ ಸ್ವಲ್ಪ ಚೌಕದ ಕಡೆಗೆ ತುಂಬಿಕೊಂಡಿದ್ದರೆ ಎಲ್ಲ ಹ್ಯಾಂಡಲ್‌ಗಳನ್ನೂ ಒಂದೇ ಪ್ರಮಾಣದಲ್ಲಿ ಉದ್ದ ಮಾಡಿ, 0.58ರ ಆಸುಪಾಸಿಗೆ ಒಯ್ಯಿರಿ. ಬೋರ್ಡ್ ಅಕ್ಷರದ ಗುಣ ಅಲ್ಲಿ ಬರುತ್ತದೆ.

ಒಳ ವೃತ್ತವನ್ನು ಹೊರಗಿನದನ್ನೇ ಕುಗ್ಗಿಸಿ ಮಾಡಬೇಡಿ. ಸುತ್ತಲೂ ಒಂದೇ ದಪ್ಪ ಇಟ್ಟರೆ ಕಣ್ಣಿಗೆ ಮೇಲಿನ ಮತ್ತು ಕೆಳಗಿನ ಗೆರೆ ಪಕ್ಕದ ಗೆರೆಗಿಂತ ದಪ್ಪವಾಗಿ ಕಾಣುತ್ತದೆ. ಅಡ್ಡಗೆರೆಯನ್ನು ನಮ್ಮ ಕಣ್ಣು ಯಾವಾಗಲೂ ಕೊಂಚ ಭಾರವಾಗಿ ಎಣಿಸುತ್ತದೆ. ಆದ್ದರಿಂದ ಎಡಬಲದಲ್ಲಿ 84, ಮೇಲೆ ಕೆಳಗೆ 78 ಇಡಿ. ಆಗ ಒಳಗಿನ ಅಗಲ 292, ಎತ್ತರ 304 ಆಗುತ್ತದೆ. ಅಡ್ಡ ಹ್ಯಾಂಡಲ್ 81, ನೆಟ್ಟನೆಯದು 84. ನಂತರ ಅಳೆಯುವ ರೂಲರ್ ತೆಗೆದುಕೊಂಡು ಓರೆಯಾಗಿ, 45 ಡಿಗ್ರಿಯಲ್ಲಿ ಗೆರೆಯ ದಪ್ಪ ನೋಡಿ. 78ಕ್ಕೂ 84ಕ್ಕೂ ನಡುವೆ, 81ರ ಹತ್ತಿರ ಬರಬೇಕು. 90 ಬಂದರೆ ಒಳಗಿನ ಹ್ಯಾಂಡಲ್ ಗಿಡ್ಡ, 72 ಬಂದರೆ ಉದ್ದ. ಈಗ ನಿಮಗೆ ಕಾಣುತ್ತಿರುವ ಉಬ್ಬು ಮತ್ತು ಸಣಕಲು ಹೆಚ್ಚಾಗಿ ಈ ನಾಲ್ಕು ಓರೆ ಜಾಗಗಳಲ್ಲೇ ಇರುತ್ತವೆ. ಇಷ್ಟೆಲ್ಲ ಮಾಡಿಯೂ ಒಳಗೆಲ್ಲ ಕಪ್ಪು ತುಂಬಿಕೊಂಡರೆ ಗಾಬರಿ ಬೇಡ. ಒಳ ಹೊರ ಎರಡೂ ಒಂದೇ ದಿಕ್ಕಿಗೆ ಸುತ್ತುತ್ತಿವೆ ಅಷ್ಟೆ, `Element > Correct Direction` ಕೊಟ್ಟರೆ ಸರಿಹೋಗುತ್ತದೆ.

ಇನ್ನು ತೇಲುವ ವಿಷಯ. −10 ಎಂದು ಬೇಸ್‌ಲೈನಿನ ಕೆಳಗೆ ಇಳಿಸಿದೆವಲ್ಲ, ಅದೇ ಓವರ್‌ಶೂಟ್. ‘ಗ’ದ ಎರಡು ಕಾಲುಗಳು ನಿಮ್ಮ ಶೈಲಿಯಲ್ಲಿ ನೇರ ಕತ್ತರಿಸಿದ ತುದಿಗಳು. 80 ಯೂನಿಟ್ ಅಗಲದ ಪಾದ ಪೂರ್ತಿಯಾಗಿ ಗೆರೆಯ ಮೇಲೆ ಊರಿರುತ್ತದೆ. ಸೊನ್ನೆ ಮುಟ್ಟುವುದು ಒಂದೇ ಬಿಂದುವಿನಲ್ಲಿ, ಅದರ ಎರಡು ಪಕ್ಕವೂ ತಕ್ಷಣ ಮೇಲೇರಿ ಹೋಗುತ್ತದೆ. ಕಣ್ಣು ಆ ಒಂದು ಬಿಂದುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಕಪ್ಪು ಎಲ್ಲಿ ಕೂಡಿದೆಯೋ ಅದನ್ನೇ ತಳ ಎಂದುಕೊಳ್ಳುತ್ತದೆ. ಹಾಗಾಗಿ ಎರಡನ್ನೂ 0ಗೆ ನಿಲ್ಲಿಸಿದರೆ ದುಂಡಕ್ಷರ ಚಿಕ್ಕದಾಗಿಯೂ ಮೇಲೆದ್ದಂತೆಯೂ ಕಾಣುತ್ತದೆ. ಸಾಮಾನ್ಯವಾಗಿ ಅಕ್ಷರದ ಎತ್ತರದ ಶೇ 1ರಿಂದ 3ರ ಒಳಗೆ ಇಳಿಸಿದರೆ ಸಾಕು.

ನೀವು ಇದನ್ನು ಕೈಯಲ್ಲಿ ಈಗಾಗಲೇ ಮಾಡುತ್ತಿರಬಹುದು. ನೀವೇ ಬರೆದ ಹಳೆಯ ಬೋರ್ಡ್ ಒಂದರ ಮೇಲೆ ‘ಗ’ ಅಥವಾ ‘ಶ’ದ ಪಾದಕ್ಕೆ ಸರಿಯಾಗಿ ದಾರ ಎಳೆದು ಹಿಡಿದು, ಪಕ್ಕದ ‘ರ’ದ ಹೊಟ್ಟೆ ದಾರದ ಕೆಳಗೆ ಎಷ್ಟು ಇಳಿದಿದೆ ನೋಡಿ. ಸುಣ್ಣದ ದಾರ ಹೊಡೆದು ಬರೆಯುವವರಲ್ಲಿ ಪಳಗಿದ ಕೈ ಗೆರೆಯನ್ನು ಕೂದಲೆಳೆಯಷ್ಟು ದಾಟುತ್ತದೆ. ಕಂಪ್ಯೂಟರಿಗೆ ಬಂದಾಗ ಮಾತ್ರ ಗ್ರಿಡ್‌ಗೆ ಅಂಟಿಸಿಬಿಡುತ್ತೇವೆ.

ಲ್ಯಾಟಿನ್ ಅಕ್ಷರಗಳಿಗೆ ಹೇಳುವ ಪಾಠವನ್ನು ಇಲ್ಲಿ ಹಾಗೇ ತರಲಾಗದು. ಅಲ್ಲಿ ನೇರ ಕಾಲಿನ ಅಕ್ಷರಗಳೇ ಜಾಸ್ತಿ, ದುಂಡನೆಯವು ಅವುಗಳಿಗೆ ಹೊಂದಿಕೊಳ್ಳುತ್ತವೆ. ಕನ್ನಡದಲ್ಲಿ ತಳ ಮುಟ್ಟುವವು ಬಹುಪಾಲು ದುಂಡು, ‘ಗ’, ‘ಶ’ದಂಥ ಕಾಲೂರುವ ಅಕ್ಷರಗಳು ಕಡಿಮೆ. ಹಾಗೆಂದು ‘ಗ’ವನ್ನೇ ಮೇಲಕ್ಕೆತ್ತಿ ಸರಿಮಾಡಬೇಡಿ, ಅದೇ ನಿಮ್ಮ ಬೇಸ್‌ಲೈನಿನ ಸಾಕ್ಷಿ. ಇನ್ನೊಂದು ವ್ಯತ್ಯಾಸ ಮೇಲ್ಭಾಗದ್ದು: ತಲೆಕಟ್ಟಿನ ಅಡ್ಡಗೆರೆ ಚಪ್ಪಟೆ, ಅದಕ್ಕೆ ಓವರ್‌ಶೂಟ್ ಬೇಡ.

ದುಂಡಿನಲ್ಲೂ ಎರಡು ಬಗೆ ಇವೆ. ‘ರ’ದ ಹೊಟ್ಟೆ ಅಗಲ, ತಳದಲ್ಲಿ ನಿಧಾನವಾಗಿ ಬಾಗುತ್ತದೆ, −10 ಸಾಕು. ‘ಅ’ದ ತಳದಲ್ಲಿ ಎರಡು ಕಿರಿದಾದ ಬಾಗುಗಳಿವೆ, ಅವು ಬೇಗ ತಿರುಗುತ್ತವೆ, ಗೆರೆಯ ಹತ್ತಿರ ಅವುಗಳ ಕಪ್ಪು ಇನ್ನೂ ಕಡಿಮೆ. ಅವಕ್ಕೆ −13 ಕೊಡಿ. ಇವೆರಡೇ ಬೆಲೆಗಳನ್ನು ಇಡೀ ಫಾಂಟ್‌ಗೆ ಬಳಸಿ. ಅಕ್ಷರಕ್ಕೊಂದು ಅಳತೆ ಇಟ್ಟುಕೊಂಡರೆ ಚಿಕ್ಕ ಗಾತ್ರದಲ್ಲಿ ಸಾಲು ಕುಣಿಯುತ್ತದೆ. ಕೊನೆಗೆ `Element > Font Info > PS Private` ಒಳಗಿನ `BlueValues` ಪಟ್ಟಿಯ ಮೊದಲ ಜೋಡಿಯನ್ನು `-13 0` ಎಂದು ಬರೆಯಿರಿ. ಆಗ ಪೋಸ್ಟ್‌ಸ್ಕ್ರಿಪ್ಟ್ ಬಗೆಯ ಫಾಂಟ್‌ನಲ್ಲಿ, ಆ ಹಿಂಟ್ ಓದುವ ಕಡೆಗಳಲ್ಲಿ, ಸಣ್ಣ ಅಕ್ಷರಗಳ ಓವರ್‌ಶೂಟ್ ಅಡಗಿ ತಳ ಒಂದೇ ಸಾಲಿಗೆ ಬರುತ್ತದೆ.

ಪರೀಕ್ಷೆಗೆ ‘ಗರಗರ’ ಎಂದು ಟೈಪ್ ಮಾಡಿ, ದೊಡ್ಡದಾಗಿ ಒಮ್ಮೆ, 12 ಪಾಯಿಂಟ್‌ನಲ್ಲಿ ಒಮ್ಮೆ ಪ್ರಿಂಟ್ ತೆಗೆಯಿರಿ. ಹಾಳೆಯನ್ನು ತಲೆಕೆಳಗು ಮಾಡಿ ನೋಡಿ, ಓದುವ ಅಭ್ಯಾಸ ಬಿಟ್ಟು ಆಕಾರ ಮಾತ್ರ ಕಾಣುತ್ತದೆ. ‘ರ’ ತೇಲಿದರೆ ಎರಡು ಯೂನಿಟ್ ಇಳಿಸಿ, ಮುಳುಗಿದರೆ ಎರಡು ಏರಿಸಿ. ಪರದೆಯ ಮೇಲೆ ಹಿಗ್ಗಿಸಿಕೊಂಡು ತೀರ್ಮಾನ ಮಾಡಬೇಡಿ. ಅಷ್ಟು ದೊಡ್ಡದರಲ್ಲಿ ಎಲ್ಲ ಓವರ್‌ಶೂಟೂ ತಪ್ಪಾಗಿಯೇ ಕಾಣುತ್ತದೆ.

ಕೊನೆಯದಾಗಿ ಗೆರೆಯ ದಪ್ಪ. ಸ್ಟೆಮ್ ಎಂದು ಹಿಡಿಯಲು ಕನ್ನಡದಲ್ಲಿ ಕಂಬದಂಥ ನೇರ ಗೆರೆ ಇಲ್ಲವೆಂದೇ ಹೇಳಬೇಕು. ಹಾಗಾಗಿ ‘ರ’ದ ಹೊಟ್ಟೆಯ ಪಕ್ಕದ 84ನ್ನೇ ನಿಮ್ಮ ಅಳತೆಗೋಲು ಮಾಡಿಕೊಳ್ಳಿ. ‘ಗ’ದ ಕಾಲು ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ದಪ್ಪವಿರುವುದರಿಂದ 80 ಇಟ್ಟರೆ ಸಮ ಕಾಣುತ್ತದೆ. ಬಾಗಿದ ಗೆರೆಗೆ ಪೂರ್ತಿ ದಪ್ಪ ಸಿಗುವುದು ಪಕ್ಕದ ತುದಿಯಲ್ಲಿ ಮಾತ್ರ, ಅದಕ್ಕೇ ಈ 4 ಯೂನಿಟ್ ಹೆಚ್ಚು. ತಲೆಕಟ್ಟು ಅಡ್ಡಗೆರೆ, ಅದಕ್ಕೆ 78. ತಲೆಕಟ್ಟು ದೇಹವನ್ನು ಸೇರುವ ಮೂಲೆಯಲ್ಲಿ ಎರಡು ಗೆರೆಯ ಕಪ್ಪು ಕೂಡಿ ಚುಕ್ಕೆ ಕಟ್ಟುತ್ತದೆ. ಅಲ್ಲಿಗೆ ಬರುವ ಬಾಗನ್ನು ಸೇರುವ ಮೊದಲೇ 70ರವರೆಗೆ ಸಣ್ಣ ಮಾಡಿ. ಕಣ್ಣು ಅರೆಮುಚ್ಚಿ ನೋಡಿದಾಗ ಮೂಲೆ ಉಳಿದ ಗೆರೆಯಷ್ಟೇ ಕಪ್ಪಾಗಿದ್ದರೆ ಸರಿ.

‘ರಂಗ’ ನಿಂತ ಮೇಲೆ ‘ಶ್ರೀರಂಗಪಟ್ಟಣ’ದವರೆಗೆ ಹೋಗಿ. ಅಲ್ಲಿ ಒತ್ತಕ್ಷರ ಬರುತ್ತದೆ, ಮೊದಲ ಫಾಂಟ್ ಮಾಡುವವರು ಮತ್ತೆ ಎಡವುವ ಜಾಗ ಅದು. ‘ಟ’ವನ್ನು ಶೇ 60ಕ್ಕೆ ಕುಗ್ಗಿಸಿ ಕೆಳಗಿಟ್ಟರೆ 84ರ ಗೆರೆ 50ಕ್ಕೆ ಇಳಿದು, ‘ಟ್ಟ’ದಲ್ಲಿ ಮೇಲಿನದು ದಪ್ಪ, ಒತ್ತು ಎಳೆಯಂತಾಗುತ್ತದೆ. ಕುಗ್ಗಿಸಿದ್ದನ್ನು ಅಳತೆಗೆ ಮಾತ್ರ ಹಿಂದೆ ಇಟ್ಟುಕೊಂಡು, ಅದರ ಮೇಲೆ 70ರ ಗೆರೆಯಲ್ಲಿ ಹೊಸದಾಗಿ ಎಳೆಯಿರಿ. ಪೂರ್ತಿ 84 ಇಟ್ಟರೆ ಒಳಗಿನ ಬಿಳಿ ಜಾಗ ಮುಚ್ಚಿಹೋಗುತ್ತದೆ. ‘ಣ’, ‘ಖ’ದಂಥ ತುಂಬು ಅಕ್ಷರಗಳಿಗೂ ಇದೇ ಕಾರಣಕ್ಕೆ ನಾಲ್ಕಾರು ಯೂನಿಟ್ ಕಡಿಮೆ ಮಾಡಬೇಕಾಗುತ್ತದೆ. ಎಷ್ಟು ಎಂಬುದನ್ನು 12 ಪಾಯಿಂಟ್‌ನ ಪ್ರಿಂಟ್‌ನಲ್ಲಿ ‘ರ’ದ ಪಕ್ಕ ಇಟ್ಟು ನೋಡಿಯೇ ನಿರ್ಧರಿಸಿ.