ಸೈಟಿನ ಅಗ್ರಿಮೆಂಟ್ ಮುರಿದರೆ ದುಡ್ಡು ಕೇಳಬೇಕಾ, ರಿಜಿಸ್ಟ್ರೇಷನ್ ಕೇಳಬೇಕಾ, ಸ್ಟೇ ತರಬೇಕಾ?

ಪ್ರಶ್ನೆ: 30 ಲಕ್ಷಕ್ಕೆ ಸೈಟ್ ಅಗ್ರಿಮೆಂಟ್ ಮಾಡಿಕೊಂಡು 5 ಲಕ್ಷ ಅಡ್ವಾನ್ಸ್ ಕೊಟ್ಟಿದ್ದೇನೆ. ಈಗ ರೇಟ್ ಜಾಸ್ತಿಯಾಗಿದೆ, ರಿಜಿಸ್ಟರ್ ಮಾಡಿಕೊಡಲ್ಲ ಅಂತಿದ್ದಾರೆ ಮಾಲೀಕರು. ಒಬ್ಬರು ಪರಿಹಾರ ಕೇಳು ಅಂತಾರೆ, ಇನ್ನೊಬ್ಬರು ಮೊದಲು ಸ್ಟೇ ತಗೋ ಅಂತಾರೆ. ಏನು ವ್ಯತ್ಯಾಸ? ನಾನು ಯಾವುದು ಕೇಳಲಿ?

ಉತ್ತರ: ನಾನು ಸಿವಿಲ್ ವಕೀಲ. ಇಂಥ ಅಗ್ರಿಮೆಂಟ್ ಕೇಸುಗಳೇ ನನ್ನ ಹತ್ತಿರ ಜಾಸ್ತಿ ಬರುತ್ತವೆ. ನೀವು ಮುಖ್ಯವಾಗಿ ಕೇಳಬೇಕಾದ್ದು ರಿಜಿಸ್ಟ್ರೇಷನ್ನನ್ನೇ. ಅದು ಸಿಗದಿದ್ದರೆ ದುಡ್ಡು ವಾಪಸ್ ಅಂತ ಅದೇ ದಾವೆಯಲ್ಲಿ ಕೇಳಿ. ದಾವೆ ಮುಗಿಯುವ ತನಕ ಸೈಟನ್ನು ಬೇರೆಯವರಿಗೆ ಮಾರದ ಹಾಗೆ ತಡೆಯಾಜ್ಞೆಯನ್ನೂ ಅದರಲ್ಲೇ ಕೇಳಿ. ಯಾಕೆ ಅಂತ ಹೇಳ್ತೀನಿ.

ಮೊದಲು ನಷ್ಟ ಪರಿಹಾರ. ಒಬ್ಬ ಕೋಳಿ ಫಾರಂ ಮಾಲೀಕ 100 ಕ್ವಿಂಟಾಲ್ ಮೆಕ್ಕೆಜೋಳಕ್ಕೆ ಕ್ವಿಂಟಾಲಿಗೆ 2,000 ರೂಪಾಯಿಯಂತೆ ವ್ಯಾಪಾರಿಯ ಜೊತೆ ಕರಾರು ಮಾಡಿಕೊಂಡ ಅಂತಿಟ್ಟುಕೊಳ್ಳಿ. ಹೇಳಿದ ದಿನ ಜೋಳ ಬರಲಿಲ್ಲ. ಅವತ್ತು ಮಾರುಕಟ್ಟೆಯಲ್ಲಿ 2,300 ಇತ್ತು. ಕ್ವಿಂಟಾಲಿಗೆ 300ರಂತೆ ಒಟ್ಟು 30,000 ರೂಪಾಯಿ ಅವನ ನಷ್ಟ. ಬೇರೆ ಕಡೆ ಕೊಳ್ಳದೆ ಸುಮ್ನೆ ಎರಡು ತಿಂಗಳು ಕೂತು, ರೇಟ್ 2,600 ಆದ ಮೇಲೆ 60,000 ಕೊಡಿ ಅಂದರೆ ಕೋರ್ಟ್ ಒಪ್ಪುವುದಿಲ್ಲ. ಕರಾರು ಕಾಯ್ದೆಯ 73ನೇ ಕಲಂ ನೋಡುವುದು ಮುರಿದ ದಿನದ ನಷ್ಟವನ್ನು. ಆ ನಷ್ಟವನ್ನು ಕಡಿಮೆ ಮಾಡಿಕೊಳ್ಳಲು ನಮ್ಮ ಕೈಲಾದದ್ದನ್ನು ಮಾಡಿದ್ದೇವಾ ಅಂತಲೂ ಕೇಳುತ್ತದೆ. ಜೋಳ ಎಲ್ಲಿ ಬೇಕಾದರೂ ಸಿಗುತ್ತೆ, ಹಾಗಾಗಿ ಅಲ್ಲಿ ದುಡ್ಡು ಸಾಕು.

ನಿಮ್ಮ ಸೈಟ್ ಹಾಗಲ್ಲ. ಆ ಬೀದಿಯ, ಆ ಮೂಲೆಯ ಸೈಟ್ ಒಂದೇ ಇರುವುದು. ಆದ್ದರಿಂದ ಕೊಟ್ಟ ಮಾತನ್ನೇ ನಡೆಸಿಕೊಡಿ ಅಂತ ಕೇಳುವ ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ದಾವೆ ನಿಮಗೆ ಸರಿಹೊಂದುತ್ತದೆ. ಮೊದಲೆಲ್ಲ ಇದನ್ನು ಕೊಡುವುದು ಬಿಡುವುದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತ್ತು. ಸ್ಪೆಸಿಫಿಕ್ ರಿಲೀಫ್ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ನಂತರ, ಅದರಲ್ಲಿ ಹೇಳಿರುವ ಅಡ್ಡಿಗಳು ಇಲ್ಲದಿದ್ದರೆ ಕೋರ್ಟ್ ಕೊಡಲೇಬೇಕು. ತೀರ್ಪಾದ ಮೇಲೂ ಮಾಲೀಕರು ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಬರದಿದ್ದರೆ, ಅವರ ಪರವಾಗಿ ಕೋರ್ಟೇ ಕ್ರಯಪತ್ರ ಮಾಡಿಕೊಡುತ್ತದೆ.

ಆದರೆ ಈ ದಾವೆಗಳು ಬಿದ್ದುಹೋಗುವುದು ಬಹುಪಾಲು ಒಂದೇ ಜಾಗದಲ್ಲಿ. ಉಳಿದ 25 ಲಕ್ಷ ಕೊಡಲು ನೀವು ಶುರುವಿನಿಂದ ಕೊನೆತನಕ ಸಿದ್ಧರಿದ್ದಿರಿ ಅಂತ ನೀವೇ ತೋರಿಸಬೇಕು. ಇದು ಅದೇ ಕಾಯ್ದೆಯ 16ನೇ ಕಲಂನ ಷರತ್ತು. ಬಾಯಿಮಾತಲ್ಲಿ ಹೇಳಿದರೆ ನಡೆಯಲ್ಲ. ಅಗ್ರಿಮೆಂಟಿನ ಗಡುವಿನ ಹೊತ್ತಿಗೆ ನಿಮ್ಮ ಖಾತೆಯಲ್ಲಿ ಎಷ್ಟಿತ್ತು, ಸಾಲ ಮಂಜೂರಾಗಿತ್ತಾ, ಎಫ್‌ಡಿ ಇತ್ತಾ ಅಂತ ಎದುರು ವಕೀಲರು ಪಾಟೀಸವಾಲಿನಲ್ಲಿ ಒಂದೊಂದಾಗಿ ಕೇಳುತ್ತಾರೆ. ಕಂತೆ ನೋಟು ತಂದು ತೋರಿಸಬೇಕಿಲ್ಲ, ಆದರೆ ಹಣ ಹೊಂದಿಸುವ ಶಕ್ತಿ ಇತ್ತು ಅನ್ನುವುದಕ್ಕೆ ಕಾಗದ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಮಂಜೂರಾತಿ ಪತ್ರ ಈಗಲೇ ತೆಗೆದಿಡಿ. ಗಡುವು ಇನ್ನೂ ಮುಗಿದಿಲ್ಲ ಅಂದರೆ, ಇಂಥ ದಿನ ಇಷ್ಟು ಗಂಟೆಗೆ ಬಾಕಿ ಹಣದ ಜೊತೆ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಇರುತ್ತೇನೆ ಅಂತ ವಕೀಲರ ಮೂಲಕ ನೋಟಿಸ್ ಕಳಿಸಿ. ಹೇಳಿದ ದಿನ ನಿಜವಾಗಿಯೂ ಹೋಗಿ.

ನಿಮ್ಮ ಅಗ್ರಿಮೆಂಟಿನಲ್ಲಿ ಬಹುಶಃ "ಮಾರುವವರು ತಪ್ಪಿದರೆ ಅಡ್ವಾನ್ಸಿನ ದುಪ್ಪಟ್ಟು ಕೊಡತಕ್ಕದ್ದು" ಅಂತ ಒಂದು ಸಾಲು ಇರುತ್ತೆ. ಅದನ್ನೇ ಹಿಡಿದು ಮಾಲೀಕರು "10 ಲಕ್ಷ ತಗೊಳ್ಳಿ, ಬಿಟ್ಬಿಡಿ" ಅನ್ನಬಹುದು. ಆ ಸಾಲು ಇದೆ ಅಂತ ರಿಜಿಸ್ಟ್ರೇಷನ್ ಕೇಳುವ ಹಕ್ಕು ಹೋಗುವುದಿಲ್ಲ. ದುಡ್ಡು ಕೊಟ್ಟು ತಪ್ಪಿಸಿಕೊಳ್ಳುವ ಆಯ್ಕೆಯನ್ನೇ ಅವರಿಗೆ ಕೊಟ್ಟಿದ್ದು ಅಂತ ಅಗ್ರಿಮೆಂಟ್ ಓದಿದಾಗ ಸ್ಪಷ್ಟವಾದರೆ ಮಾತ್ರ ವಿಷಯ ಬೇರೆ. ಇನ್ನೊಂದು ಕಡೆಯಿಂದ ನೋಡಿದರೆ, ನೀವು ಆ ದುಪ್ಪಟ್ಟನ್ನೇ ಕೇಳಿಕೊಂಡು ಹೋದರೂ ಅಷ್ಟೂ ಸಿಗುತ್ತೆ ಅಂತ ಖಾತ್ರಿ ಇಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಅದರೊಳಗೆ ನ್ಯಾಯವಾದದ್ದು ಎಷ್ಟೋ ಅಷ್ಟನ್ನು ಕೋರ್ಟ್ ಕೊಡಿಸುತ್ತದೆ.

ಈಗ ತಡೆಯಾಜ್ಞೆ. ಕರಾರಿನಲ್ಲಿ ಇದೊಂದೇ ಪರಿಹಾರವಾಗಿ ಕೆಲಸಕ್ಕೆ ಬರುವ ಸಂದರ್ಭವೂ ಇದೆ. ಒಬ್ಬ ಭಾಗವತರು ಈ ವರ್ಷದ ತಿರುಗಾಟಕ್ಕೆ ಒಂದು ಯಕ್ಷಗಾನ ಮೇಳದ ಜೊತೆ ಒಪ್ಪಿ, ತಿರುಗಾಟ ಮುಗಿಯುವ ತನಕ ಬೇರೆ ಮೇಳದಲ್ಲಿ ಹಾಡಲ್ಲ ಅಂತ ಬರೆದುಕೊಟ್ಟಿದ್ದಾರೆ. ನಡುವೆ ಇನ್ನೊಂದು ಮೇಳ ಜಾಸ್ತಿ ಸಂಬಳ ಕೊಡುತ್ತೇವೆ ಅಂತ ಕರೆಯಿತು. ಬಂದು ಹಾಡಿ ಅಂತ ಯಾವ ಕೋರ್ಟೂ ಅವರಿಗೆ ಆದೇಶ ಮಾಡಲ್ಲ, ಯಾಕಂದರೆ ಅದು ಅವರ ಸ್ವಂತ ಕಲೆಯ ಮೇಲೆ ನಿಂತ ಕೆಲಸ. ಆದರೆ ಈ ತಿರುಗಾಟ ಮುಗಿಯುವ ತನಕ ಬೇರೆ ಕಡೆ ಹಾಡಬೇಡಿ ಅಂತ ತಡೆಯಬಹುದು. ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 42ನೇ ಕಲಂ ಇದಕ್ಕಾಗಿಯೇ ಇದೆ. ಹಾಗಂತ ಮೇಳದವರು ತಾವೇ ಸಂಬಳ ಕೊಡದೆ ಕರಾರು ಮುರಿದಿದ್ದರೆ ಈ ತಡೆ ಸಿಗಲ್ಲ.

ನಿಮ್ಮ ಕೇಸಿನಲ್ಲಿ ತಡೆಯಾಜ್ಞೆ ಒಂದು ಕಾವಲು ಮಾತ್ರ. ದಾವೆಯ ಜೊತೆಗೆ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 39ರ ಅಡಿ ಅರ್ಜಿ ಹಾಕಿ, ಮಾಲೀಕರು ಸೈಟನ್ನು ಮಾರದಂತೆ, ಅಡ ಇಡದಂತೆ ತಾತ್ಕಾಲಿಕ ತಡೆ ಕೇಳುತ್ತೀರಿ. ಮೇಲ್ನೋಟಕ್ಕೆ ನಿಮ್ಮ ಕಡೆ ಹುರುಳಿದೆಯಾ, ತಡೆ ಕೊಡದಿದ್ದರೆ ಯಾರಿಗೆ ತೊಂದರೆ ಜಾಸ್ತಿ, ಆ ತೊಂದರೆ ದುಡ್ಡಿನಲ್ಲಿ ತುಂಬಿಸಲಾಗದ್ದಾ ಅಂತ ಕೋರ್ಟ್ ನೋಡುತ್ತದೆ.

"ಮೊದಲು ಸ್ಟೇ ತಗೋ, ಆಮೇಲೆ ನೋಡಿದರಾಯ್ತು" ಅನ್ನುವ ಸಲಹೆ ನನಗೆ ತುಂಬಾ ಭಯ ತರಿಸುತ್ತೆ. ಬರೀ ಇಂಜಂಕ್ಷನ್, ಅಂದರೆ ತಡೆಯಾಜ್ಞೆಯ ದಾವೆಗೆ ಕೋರ್ಟ್ ಫೀ ಕಡಿಮೆ. ಸ್ಪೆಸಿಫಿಕ್ ಪರ್ಫಾರ್ಮೆನ್ಸಿಗೆ ಕರ್ನಾಟಕದಲ್ಲಿ ಪೂರ್ತಿ ಕ್ರಯದ ಹಣದ ಮೇಲೆ, ಅಂದರೆ ನಿಮ್ಮ 30 ಲಕ್ಷದ ಮೇಲೆ ಫೀ ಕಟ್ಟಬೇಕು. ಅದಕ್ಕೇ ಜನ ಅಗ್ಗದ ದಾರಿ ಹಿಡಿಯುತ್ತಾರೆ. ಆದರೆ ಒಂದೇ ಕಾರಣಕ್ಕೆ ಕೇಳಬಹುದಾದ ಪರಿಹಾರಗಳನ್ನೆಲ್ಲ ಒಟ್ಟಿಗೆ ಕೇಳಬೇಕು, ಕೋರ್ಟಿನ ಅನುಮತಿ ಇಲ್ಲದೆ ಬಿಟ್ಟದ್ದನ್ನು ಆಮೇಲೆ ಕೇಳುವಂತಿಲ್ಲ ಅನ್ನುತ್ತದೆ ಸಿವಿಲ್ ಪ್ರೊಸೀಜರ್ ಕೋಡಿನ ಆರ್ಡರ್ 2, ರೂಲ್ 2. ವರ್ಗೋ ಇಂಡಸ್ಟ್ರೀಸ್ ಪ್ರಕರಣದಲ್ಲಿ ಖರೀದಿದಾರರು ಮೊದಲು ಇಂಜಂಕ್ಷನ್ನಿಗೆ, ಆಮೇಲೆ ರಿಜಿಸ್ಟ್ರೇಷನ್ನಿಗೆ ದಾವೆ ಹಾಕಿದ್ದರು. ಎರಡನೆಯದು ನಡೆಯುವುದಿಲ್ಲ ಎಂದಿತು ಸುಪ್ರೀಂ ಕೋರ್ಟ್.

ಅಡ್ವಾನ್ಸ್ ವಾಪಸ್ ಮತ್ತು ನಷ್ಟ ಪರಿಹಾರವನ್ನೂ ದಾವೆಯಲ್ಲಿ ಪರ್ಯಾಯವಾಗಿ ಬರೆಸಲೇಬೇಕು. ಕೇಳದಿದ್ದರೆ ಕೋರ್ಟ್ ತಾನಾಗಿ ಕೊಡುವುದಿಲ್ಲ. ಮಾಲೀಕರು ಅಗ್ರಿಮೆಂಟ್ ರದ್ದು ಮಾಡಿದ್ದೇವೆ ಅಂತ ನೋಟಿಸ್ ಕಳಿಸಿದ್ದರೆ, ಆ ರದ್ದತಿ ಊರ್ಜಿತವಲ್ಲ ಅಂತ ಘೋಷಿಸಿ ಎಂದೂ ಕೇಳುವುದು ಕ್ಷೇಮ.

ಇನ್ನು ಅವಧಿ. ಅಗ್ರಿಮೆಂಟಿನಲ್ಲಿ ತಾರೀಖು ಬರೆದಿದ್ದರೆ ಅಲ್ಲಿಂದ 3 ವರ್ಷ, ಬರೆದಿಲ್ಲದಿದ್ದರೆ ಅವರು ಆಗಲ್ಲ ಅಂದದ್ದು ನಿಮಗೆ ಗೊತ್ತಾದ ದಿನದಿಂದ 3 ವರ್ಷ. ಆದರೆ ಅಷ್ಟು ದಿನ ಕಾಯಬೇಡಿ. ಅಗ್ರಿಮೆಂಟಿನ ವಿಷಯವೇ ಗೊತ್ತಿಲ್ಲದೆ ಪೂರ್ತಿ ಹಣ ಕೊಟ್ಟು ಮೂರನೆಯವರು ಕೊಂಡುಬಿಟ್ಟರೆ, ಅವರ ಮೇಲೆ ನಿಮ್ಮ ಹಕ್ಕು ನಡೆಯದೇ ಹೋಗಬಹುದು. ದಾವೆ ಹಾಕಿದ ಮೇಲೆ ಕೊಂಡವರಾದರೆ ಅದರ ತೀರ್ಪಿಗೆ ಬದ್ಧರಾಗಿರುತ್ತಾರೆ. ಈ ವಾರವೇ ಸೈಟಿನ ಇಸಿ ತೆಗೆಸಿ ನೋಡಿ. ಬೇರೆ ಯಾರ ಹೆಸರಾದರೂ ಬಂದಿದ್ದರೆ ಅವರನ್ನೂ ದಾವೆಯಲ್ಲಿ ಪಾರ್ಟಿ ಮಾಡಬೇಕಾಗುತ್ತದೆ.